‘ತೂಗಿ, ದಾಖಲಿಸಿ’ ಎಂದರೆ ಸಾಲದೇ?

ಪ್ರಶ್ನೆ: ನನ್ನ ಮಗಳು ಪೀಣ್ಯದ ಔಷಧ ಕಾರ್ಖಾನೆಯೊಂದರ ಎಸ್‌ಒಪಿಗಳನ್ನು ಕನ್ನಡಕ್ಕೆ ತರುತ್ತಿದ್ದಾಳೆ. ‘ಕಚ್ಚಾವಸ್ತುವನ್ನು ತೂಗಿ, ಪರಿಶೀಲಿಸಿ, ದಾಖಲಿಸಬೇಕು’ ಎಂದು ಬರೆದದ್ದನ್ನು ಗುಣಮಟ್ಟ ವಿಭಾಗದವರು ವಾಪಸು ಕಳಿಸಿದರು. ಇದರಲ್ಲಿ ತಪ್ಪೇನು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಕನ್ನಡವಾಗಿ ಆ ವಾಕ್ಯ ಸರಿಯಾಗಿಯೇ ಇದೆ. ಸಂದೇಹ ಬಂದದ್ದು ಸಹಜ. ತೂಕದ ಕೋಣೆಯಲ್ಲಿ ಇಂಥ ಹಂತಕ್ಕೆ ಸಾಮಾನ್ಯವಾಗಿ ಇರುವ ಮೂಲ ಸೂಚನೆ ಹೀಗಿರುತ್ತದೆ: ಆಪರೇಟರ್ ತೂಗಬೇಕು, ತೂಕವನ್ನು ಆಗಲೇ ಬರೆಯಬೇಕು, ಆಮೇಲೆ ಇನ್ನೊಬ್ಬರು ಪರಿಶೀಲಿಸಬೇಕು. ನಿಮ್ಮ ಮಗಳ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ತೂಗಿ, ಪರಿಶೀಲಿಸಿ’ ಎಂದು ಕ್ರಿಯೆಗಳನ್ನು ಪೋಣಿಸಿದಾಗ ಕನ್ನಡ ಓದುಗ ಎಲ್ಲವನ್ನೂ ಒಬ್ಬನೇ ಮಾಡುತ್ತಾನೆಂದು ತಿಳಿಯುತ್ತಾನೆ. ಎರಡನೆಯ ವ್ಯಕ್ತಿ ಮಾಯವಾದ. ‘ಆಗಲೇ’ ಬಿಟ್ಟುಹೋಯಿತು. ಬರೆಯುವ ಕೆಲಸ ಕೊನೆಗೆ ಜಾರಿತು. ಐದು ಡಬ್ಬಿ ತೂಗಿ, ನೆನಪಿನಿಂದ ಒಟ್ಟಿಗೆ ಬರೆದರೂ ಈ ವಾಕ್ಯವನ್ನು ಪಾಲಿಸಿದಂತೆಯೇ. ಪ್ರತಿ ಕೆಲಸವನ್ನು ಮಾಡಿದಾಗಲೇ ದಾಖಲಿಸಬೇಕೆನ್ನುವುದು ಔಷಧ ತಯಾರಿಕೆಯ ಮೂಲ ನಿಯಮ. 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾದ ಷೆಡ್ಯೂಲ್ ಎಂ ಕೂಡ ಇದನ್ನೇ ಹೇಳುತ್ತದೆ.

ಹಾಗಾಗಿ ಮೊದಲು ಪ್ರತಿ ಕ್ರಿಯೆಗೂ ಕರ್ತೃವನ್ನು ಕೊಡಿ. ‘ಆಪರೇಟರ್ ವಸ್ತುವನ್ನು ತೂಗಬೇಕು. ತಕ್ಕಡಿಯಲ್ಲಿ ಕಂಡ ಅಂಕಿಯನ್ನು ಆಪರೇಟರ್ ಆಗಲೇ ಬ್ಯಾಚ್ ದಾಖಲೆಯಲ್ಲಿ ಬರೆಯಬೇಕು. ಆ ತೂಕವನ್ನು ಇನ್ನೊಬ್ಬ ವ್ಯಕ್ತಿ ಪರಿಶೀಲಿಸಬೇಕು.’ ಒಂದು ವಾಕ್ಯ ಮೂರಾದರೂ ಹಂತದ ಸಂಖ್ಯೆ ಮೂಲದಲ್ಲಿ 5.2 ಎಂದಿದ್ದರೆ 5.2 ಆಗಿಯೇ ಉಳಿಯಲಿ, ಏಕೆಂದರೆ ದಾಖಲೆಯ ನಮೂನೆ ಆ ಸಂಖ್ಯೆಯನ್ನೇ ಉಲ್ಲೇಖಿಸಿರುತ್ತದೆ. 25.00 kg ಎಂದಿದ್ದರೆ ಸೊನ್ನೆಗಳನ್ನು ಬಿಡಬಾರದು. ಎಷ್ಟು ಸೂಕ್ಷ್ಮವಾಗಿ ತೂಗಬೇಕೆಂದು ಆ ಸೊನ್ನೆಗಳೇ ಹೇಳುತ್ತವೆ. ತಕ್ಕಡಿಯ ಗುಂಡಿಯ ಮೇಲೆ TARE ಎಂದಿದ್ದರೆ ಅನುವಾದದಲ್ಲೂ ಹಾಗೆಯೇ ಇರಲಿ. ಕೆಲಸಗಾರ ಹುಡುಕುವುದು ಆ ಅಕ್ಷರಗಳನ್ನೇ.

ಇಲ್ಲೊಂದು ಗೊಂದಲ ಆಗಬಹುದು. ಸ್ಪಷ್ಟವಾಗಿ ಬರೆಯುವುದೆಂದರೆ ವಿವರಣೆ ಸೇರಿಸುವುದಲ್ಲ. ‘ಪರಿಶೀಲಿಸುವವರೆಗೆ ಡಬ್ಬಿಯನ್ನು ತಕ್ಕಡಿಯಿಂದ ಇಳಿಸಬಾರದು’ ಎಂದು ಸೇರಿಸಲು ನಿಮ್ಮ ಮಗಳಿಗೆ ಅನ್ನಿಸಬಹುದು. ಯೋಚನೆ ಸರಿಯಾದದ್ದೇ, ಆದರೆ ಮೂಲದಲ್ಲಿ ಇಲ್ಲದಿದ್ದರೆ ಅದು ಹೊಸ ನಿಯಮ. ಅದನ್ನು ಗುಣಮಟ್ಟ ವಿಭಾಗಕ್ಕೆ ಬರೆದು ತಿಳಿಸಲಿ. ಅವರು ಒಪ್ಪಿದರೆ ಮೊದಲು ಇಂಗ್ಲಿಷ್ ಪ್ರತಿ ಬದಲಾಗಬೇಕು, ಆಮೇಲೆ ಕನ್ನಡದ್ದು.

ಕೊನೆಗೆ, ಇಂಗ್ಲಿಷ್ ಪ್ರತಿ ನೋಡದ ಒಬ್ಬ ಆಪರೇಟರ್ ಕೈಗೆ ಕನ್ನಡದ್ದನ್ನು ಕೊಟ್ಟು, ಖಾಲಿ ಡಬ್ಬಿಯಲ್ಲಿ ಆ ಹಂತವನ್ನು ಮಾಡಿಸಿ ನೋಡಲು ಮಗಳಿಗೆ ಹೇಳಿ. ಪೆನ್ನನ್ನು ಯಾವಾಗ ಕೈಗೆತ್ತಿಕೊಂಡರು, ಇನ್ನೊಬ್ಬರನ್ನು ಕರೆದರೋ ಇಲ್ಲವೋ, ಇವೆರಡನ್ನು ಗಮನಿಸಿದರೆ ಅನುವಾದ ಎಲ್ಲಿ ತಪ್ಪಿದೆ ಎಂದು ಅವಳಿಗೇ ತಿಳಿಯುತ್ತದೆ.