ಎಕ್ಸ್-ರೇ ಎಣಿಸುವ ಮುನ್ನ ಒಂದು ಕಿವಿಮಾತು

ಪ್ರಯೋಗಾಲಯದಲ್ಲಿ ಕಬ್ಬಿಣ-55ರ ಪುಟ್ಟ ಬಿಲ್ಲೆಯನ್ನು ಡಿಟೆಕ್ಟರ್ ಮುಂದಿಡುತ್ತೀರಿ. ಪರದೆಯ ಮೇಲೆ 5.9 ಕೆಇವಿ ಹತ್ತಿರ ಚೆಂದದ ಶಿಖರವೊಂದು ಏಳುತ್ತದೆ. ಅದರಡಿಯ ಎಣಿಕೆಯನ್ನು ತೆಗೆದು, ಡಿಟೆಕ್ಟರಿನ ದಕ್ಷತೆಗೆ ಸರಿಪಡಿಸಿ, "ಇಷ್ಟು ಪರಮಾಣುಗಳು ಕ್ಷಯಿಸಿದವು" ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದು ಎದ್ದುಬಿಡುತ್ತೀರಿ. ಅಷ್ಟು ಅವಸರ ಬೇಡ, ಸ್ವಲ್ಪ ಕೂತುಕೊಳ್ಳಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನಿಮ್ಮ ಲೆಕ್ಕ. ಉಪಕರಣ ಹೇಳಿದ್ದು ಸುಳ್ಳಲ್ಲ. ಆದರೆ ಅದು ತನ್ನ ಕಣ್ಣಿಗೆ ಬಿದ್ದದ್ದನ್ನಷ್ಟೇ ಹೇಳಿತು. ಕಾಣದೆ ಹೋದ ಪಾಲು ಎಷ್ಟೆಂದು ಕೇಳುವುದು ನಿಮ್ಮ ಕೆಲಸ.

ಮೊದಲು ನಡೆದದ್ದೇನು ಎಂದು ನಿಧಾನವಾಗಿ ನೋಡೋಣ. ಕಬ್ಬಿಣ-55ರ ಬೀಜಕೇಂದ್ರ ತನ್ನದೇ ಪರಮಾಣುವಿನ ಒಳಗಿನ ಒಂದು ಎಲೆಕ್ಟ್ರಾನನ್ನು ಸೆಳೆದುಕೊಂಡು ಮ್ಯಾಂಗನೀಸ್-55 ಆಗುತ್ತದೆ. ನೂರು ಕ್ಷಯಗಳಲ್ಲಿ ಸುಮಾರು 89ರಲ್ಲಿ ಹೀಗೆ ಹೋಗುವುದು ತೀರಾ ಒಳಗಿನ ಕೆ ಕವಚದ ಎಲೆಕ್ಟ್ರಾನು. ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಮ್ಯಾಂಗನೀಸಿನ ಕೆ ಕವಚದ ಬಂಧನಶಕ್ತಿ 6.54 ಕೆಇವಿ, ಅದರ ಮೇಲಿನ ಎಲ್ ಕವಚದ್ದು ಸುಮಾರು 0.64. ಎಲ್‌ನಿಂದ ಒಂದು ಎಲೆಕ್ಟ್ರಾನು ಇಳಿದು ಖಾಲಿ ಜಾಗ ತುಂಬಿದರೆ 5.9 ಕೆಇವಿ ಶಕ್ತಿ ಮಿಗುತ್ತದೆ. ಈ ಮಿಕ್ಕ ಶಕ್ತಿಗೆ ಹೊರಹೋಗಲು ಎರಡು ದಾರಿ. ಒಂದು, ನೀವು ಪರದೆಯಲ್ಲಿ ಕಂಡ ಎಕ್ಸ್-ರೇ. ಇನ್ನೊಂದು, ಎಲ್ ಕವಚದ ಮತ್ತೊಂದು ಎಲೆಕ್ಟ್ರಾನಿಗೆ ಆ ಶಕ್ತಿ ಸಂದು, ಅದೇ ಪರಮಾಣುವಿನಿಂದ ಹೊರಬೀಳುವುದು. ಅದಕ್ಕೂ ಬಂಧನ ಕಳಚಿಕೊಳ್ಳುವ ಖರ್ಚಿದೆ. ಹಾಗಾಗಿ ಅದು ಸುಮಾರು 5.2 ಕೆಇವಿಯೊಂದಿಗೆ ಹೊರಡುತ್ತದೆ. ಇದೇ ಓಜೆ ಎಲೆಕ್ಟ್ರಾನು.

ಕೆ ಕವಚದಲ್ಲಿ ನೂರು ಜಾಗ ಖಾಲಿಯಾದರೆ ಅವುಗಳಲ್ಲಿ ಎಷ್ಟು ಎಕ್ಸ್-ರೇ ಕೊಟ್ಟು ತುಂಬುತ್ತವೆ ಎನ್ನುವ ಪ್ರಮಾಣಕ್ಕೆ ಫ್ಲೋರೆಸೆನ್ಸ್ ಯೀಲ್ಡ್ ಎನ್ನುತ್ತಾರೆ. ಮ್ಯಾಂಗನೀಸಿಗೆ ಅದು ಸುಮಾರು 0.32. ಈಗ ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ. ಎಲ್ಲ ತಿದ್ದುಪಡಿಯ ನಂತರ ಬಿಲ್ಲೆಯಿಂದ ಸೆಕೆಂಡಿಗೆ 28,000 ಕೆ ಎಕ್ಸ್-ರೇಗಳು ಹೊರಡುತ್ತಿವೆ ಎಂದಿಟ್ಟುಕೊಳ್ಳಿ. ಅದನ್ನು 0.32ರಿಂದ ಭಾಗಿಸಿದರೆ ಖಾಲಿಯಾದ ಕೆ ಜಾಗಗಳು 87,500. ಅದನ್ನು 0.89ರಿಂದ ಭಾಗಿಸಿದರೆ ಕ್ಷಯಗಳು ಸುಮಾರು 98,000. ನೀವು ಬರೆದದ್ದು 28,000. ಮೂರೂವರೆ ಪಟ್ಟು ಕಡಿಮೆ! ಉಳಿದ 59,500 ಖಾಲಿ ಜಾಗಗಳು ಓಜೆ ಎಲೆಕ್ಟ್ರಾನು ಕೊಟ್ಟು ತುಂಬಿದವು. ಅಂದರೆ ಅಲ್ಲಿ ನಡೆಯುತ್ತಿದ್ದುದರಲ್ಲಿ ಹೆಚ್ಚಿನ ಪಾಲು ನಿಮ್ಮ ಪರದೆಗೆ ಬರಲೇ ಇಲ್ಲ.

ಯಾಕೆ ಬರಲಿಲ್ಲ ಎಂದು ಕೇಳಿ, ಕೇಳಲೇಬೇಕು. 5.2 ಕೆಇವಿಯ ಎಲೆಕ್ಟ್ರಾನು ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಒಂದು ಮೈಕ್ರಾನ್ ಹೋಗುವಷ್ಟರಲ್ಲಿ ಸುಸ್ತಾಗಿ ನಿಂತುಬಿಡುತ್ತದೆ. ಬಿಲ್ಲೆಯ ಹೊದಿಕೆಯನ್ನೇ ಅದು ದಾಟದು. ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಎಕ್ಸ್-ರೇ ಮಾತ್ರ ಹೊದಿಕೆ ದಾಟಿ, ಕೆಲವು ಸೆಂಟಿಮೀಟರ್ ಗಾಳಿ ದಾಟಿ, ಬೆರಿಲಿಯಂ ಕಿಟಕಿಯನ್ನೂ ದಾಟಿ ಡಿಟೆಕ್ಟರ್ ಸೇರುತ್ತದೆ. (ಅಂದ ಹಾಗೆ, ಆ ಕಿಟಕಿಗೆ ಬೆರಳು ತಾಗಿಸಬೇಡಿ. ಅದು ಬಹಳ ತೆಳು, ಒಡೆದರೆ ಅದರ ಪುಡಿ ವಿಷ.) ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎಂದು ಬರೆಯುವ ಅಭ್ಯಾಸವನ್ನು ಇವತ್ತೇ ಬಿಡಿ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಹಲವರಲ್ಲಿ ಕಂಡಿದ್ದೇನೆ. ಮೊದಲು ಎಕ್ಸ್-ರೇ ಹುಟ್ಟುತ್ತದೆ, ಅದು ಹೊರಹೋಗುವ ದಾರಿಯಲ್ಲಿ ಇನ್ನೊಂದು ಎಲೆಕ್ಟ್ರಾನಿಗೆ ಬಡಿದು ಅದನ್ನು ಕೀಳುತ್ತದೆ ಎಂದು ಬರೆಯುತ್ತೀರಿ. ಹಾಗೆ ಬರೆಯಬೇಡಿ. ಓಜೆ ಕ್ರಿಯೆಯಲ್ಲಿ ಎಕ್ಸ್-ರೇ ಹುಟ್ಟುವುದೇ ಇಲ್ಲ. ಎರಡು ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯಿಂದಲೇ ಒಂದು ಒಳಗೆ ಇಳಿಯುತ್ತದೆ, ಇನ್ನೊಂದು ಹೊರಗೆ ಹೋಗುತ್ತದೆ, ಎರಡೂ ಒಂದೇ ಹೆಜ್ಜೆಯಲ್ಲಿ. ಪುರಾವೆ ಬೇಕೇ? 2ಎಸ್ ಕಕ್ಷಕದಿಂದ 1ಎಸ್‌ಗೆ ಇಳಿದು ಎಕ್ಸ್-ರೇ ಕೊಡುವುದು ಆಯ್ಕೆಯ ನಿಯಮಕ್ಕೆ ವಿರುದ್ಧ. ಆದರೂ ಎರಡೂ 2ಎಸ್ ಎಲೆಕ್ಟ್ರಾನುಗಳು ಭಾಗವಹಿಸುವ ಓಜೆ ರೇಖೆ ಪ್ರಯೋಗದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಹುಟ್ಟಲೇ ಬಾರದ ಎಕ್ಸ್-ರೇ ಯಾರಿಗೆ ಹೋಗಿ ಬಡಿದೀತು?

ಈ ಎಲೆಕ್ಟ್ರಾನುಗಳನ್ನು 1922ರಲ್ಲಿ ಲೀಸ್ ಮೈಟ್ನರ್, 1923ರಲ್ಲಿ ಪಿಯರ್ ಓಜೆ ಬೇರೆಬೇರೆಯಾಗಿ ಗುರುತಿಸಿದರು. ಓಜೆ ಅವರು ಮೇಘಕೋಷ್ಠದೊಳಕ್ಕೆ ಎಕ್ಸ್-ರೇ ಹಾಯಿಸಿ ನೋಡಿದಾಗ ಒಂದೇ ಬಿಂದುವಿನಿಂದ ಎರಡು ಜಾಡುಗಳು ಹೊರಟಿದ್ದವು. ಒಳಗೆ ಬಿಟ್ಟ ಎಕ್ಸ್-ರೇಯ ಶಕ್ತಿ ಹೆಚ್ಚಿಸಿದಂತೆ ಒಂದು ಜಾಡು ಉದ್ದವಾಗುತ್ತ ಹೋಯಿತು, ಇನ್ನೊಂದು ಇದ್ದಷ್ಟೇ ಇತ್ತು. ಉದ್ದವಾದದ್ದು ಎಕ್ಸ್-ರೇ ನೇರವಾಗಿ ಕಿತ್ತ ಎಲೆಕ್ಟ್ರಾನಿನದು, ಬದಲಾಗದ್ದು ಓಜೆ ಎಲೆಕ್ಟ್ರಾನಿನದು. ಇದರಿಂದ ನೀವು ಕಲಿಯಬೇಕಾದ ಪಾಠ ಇಷ್ಟು: ಜಾಗ ಖಾಲಿಯಾದದ್ದು ಹೇಗೆ ಎಂಬುದನ್ನು ಪರಮಾಣು ನೆನಪಿಡುವುದಿಲ್ಲ. ಬೀಜಕೇಂದ್ರ ಸೆಳೆದಿರಲಿ, ಎಕ್ಸ್-ರೇ ಕಿತ್ತಿರಲಿ, ಎಲೆಕ್ಟ್ರಾನ್ ಗುದ್ದಿರಲಿ, ಜೊತೆಗೆ ಬೇರೆ ಎಲೆಕ್ಟ್ರಾನುಗಳೂ ರಾಶಿಯಾಗಿ ಕಿತ್ತುಹೋಗಿರದಿದ್ದರೆ ಯೀಲ್ಡ್ ಅದೇ.

ಹಾಗಾದರೆ ಅದನ್ನು ನಿರ್ಧರಿಸುವುದು ಯಾವುದು? ಮುಖ್ಯವಾಗಿ ಪರಮಾಣು ಸಂಖ್ಯೆ. ಒಂದು ತೊಟ್ಟಿಗೆ ಎರಡು ನಲ್ಲಿ ಇವೆ ಎಂದು ಭಾವಿಸಿ. ಒಂದರ ಬಾಯಿ ಸದಾ ಅಷ್ಟೇ, ಇನ್ನೊಂದರ ಬಾಯಿ ಮಾತ್ರ ದೊಡ್ಡದಾಗುತ್ತ ಹೋಗುತ್ತದೆ. ಮೊದಲನೆಯದು ಓಜೆಯ ದಾರಿ, ಎರಡನೆಯದು ಎಕ್ಸ್-ರೇಯ ದಾರಿ. ಕೆ ಕವಚದ ಖಾಲಿ ಜಾಗಕ್ಕೆ ಓಜೆಯ ವೇಗ ಹಗುರ ಧಾತುವಿನಿಂದ ಭಾರ ಧಾತುವಿಗೆ ಹೋದರೂ ಹೆಚ್ಚು ಬದಲಾಗುವುದಿಲ್ಲ. ಎಕ್ಸ್-ರೇಯ ವೇಗವಾದರೋ ಪರಮಾಣು ಸಂಖ್ಯೆಯ ನಾಲ್ಕನೇ ಘಾತದಂತೆ ಏರುತ್ತದೆ. ಎಕ್ಸ್-ರೇ ಹೊರಡುವ ಸಂಭವ ಅದರ ಶಕ್ತಿಯ ಘನದಂತೆ ಬೆಳೆಯುತ್ತದೆ, ಆ ಶಕ್ತಿ ಪರಮಾಣು ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ, ಹಾಗಾಗಿ ಆರನೇ ಘಾತ ಬರುತ್ತದೆ. ಕಕ್ಷಕಗಳು ಕುಗ್ಗುವುದರಿಂದ ಅದರಲ್ಲಿ ಎರಡು ಘಾತ ಕಳೆಯುತ್ತದೆ. ಉಳಿಯುವುದು ನಾಲ್ಕು. ಆದ್ದರಿಂದ "ಭಾರ ಧಾತುವಿನಲ್ಲಿ ಓಜೆ ಕುಂದುತ್ತದೆ" ಎಂದು ಬರೆಯಬೇಡಿ. ಎಕ್ಸ್-ರೇ ಅದನ್ನು ಹಿಂದೆ ಹಾಕುತ್ತದೆ ಎಂದು ಬರೆಯಿರಿ.

ಇದನ್ನೇ ಅಂದಾಜಿಗೆ ಹೀಗೆ ಬರೆಯುತ್ತಾರೆ:

ω = Z⁴ / (Z⁴ + 10⁶)

ಬೆಳ್ಳಿಗೆ (47) ಹಾಕಿ ನೋಡಿ, 0.83 ಬರುತ್ತದೆ. ಕೋಷ್ಟಕದಲ್ಲಿರುವುದೂ ಅಷ್ಟೇ. ಎರಡು ದಾರಿಗಳೂ ಸಮವಾಗುವುದು ಗ್ಯಾಲಿಯಂ (31) ಸುಮಾರಿಗೆ, ಅದನ್ನೂ ಸೂತ್ರ ಸರಿಯಾಗಿಯೇ ಹೇಳುತ್ತದೆ. ಆದರೆ ಆಮ್ಲಜನಕಕ್ಕೆ (8) ಹಾಕಿದರೆ 0.004 ಎನ್ನುತ್ತದೆ, ನಿಜವಾದ ಬೆಲೆ ಅದರ ಇಮ್ಮಡಿ, ಸುಮಾರು 0.008. ಬೆಳ್ಳಗಿರುವುದೆಲ್ಲ ಹಾಲಲ್ಲ. ಏರಿಳಿತ ಅರ್ಥಮಾಡಿಕೊಳ್ಳಲು ಸೂತ್ರ ಇಟ್ಟುಕೊಳ್ಳಿ, ಲೆಕ್ಕಕ್ಕೆ ಕೋಷ್ಟಕ ತೆಗೆಯಿರಿ.

ಹಗುರ ಧಾತುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂಗಾಲದಲ್ಲಿ ಸಾವಿರ ಕೆ ಜಾಗ ಖಾಲಿಯಾದರೆ ಎಕ್ಸ್-ರೇ ಬರುವುದು ಮೂರರ ಆಸುಪಾಸು, ಉಳಿದವೆಲ್ಲ ಓಜೆ. ಕಬ್ಬಿಣದಲ್ಲಿ ಅದೇ ಸಾವಿರಕ್ಕೆ ಸುಮಾರು 340 ಎಕ್ಸ್-ರೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತುಕ್ಕಿನ ಚೂರು ಇಟ್ಟು, ಆಮ್ಲಜನಕದ ಶಿಖರ ಕುಳ್ಳಾಗಿದೆಯೆಂದು "ಆಮ್ಲಜನಕ ಕಡಿಮೆ" ಎಂದು ತೀರ್ಪು ಕೊಡುವುದು ತರವಲ್ಲ. ಅಲ್ಲಿ ಎರಡು ನಷ್ಟಗಳಿವೆ. ಎಕ್ಸ್-ರೇ ಹುಟ್ಟುವುದೇ ಅಪರೂಪ, ಇದು ಯೀಲ್ಡಿನ ಮಾತು. ಹುಟ್ಟಿದ 525 ಇವಿಯ ದುರ್ಬಲ ಎಕ್ಸ್-ರೇ ದಾರಿಯಲ್ಲಿ ಹೀರಿಹೋಗುವುದು ಇನ್ನೊಂದು, ಇದು ಮಾದರಿ ಮತ್ತು ಕಿಟಕಿಯ ಮಾತು. ಒಂದರ ತಿದ್ದುಪಡಿಯನ್ನು ಇನ್ನೊಂದಕ್ಕೆ ಹಾಕಬೇಡಿ. ಮೇಲ್ಮೈಯ ಇಂಗಾಲ, ಆಮ್ಲಜನಕವನ್ನೇ ಹುಡುಕುವುದಾದರೆ ಓಜೆ ಎಲೆಕ್ಟ್ರಾನುಗಳನ್ನೇ ಅಳೆಯಿರಿ. ಅವು ಕೆಲವೇ ನ್ಯಾನೊಮೀಟರ್ ಆಳದಿಂದ ಬರುವುದರಿಂದ ಮೇಲ್ಪದರದ ಸುದ್ದಿಯನ್ನಷ್ಟೇ ತರುತ್ತವೆ. ಅದಕ್ಕೇ ಅತ್ಯುಚ್ಚ ನಿರ್ವಾತವೂ ಶುದ್ಧ ಮೇಲ್ಮೈಯೂ ಬೇಕು. ಕೈಬೆರಳ ಜಿಡ್ಡು ತಾಗಿದ ಮಾದರಿ ಒಳಗಿಟ್ಟರೆ ಆ ಜಿಡ್ಡಿನ ಇಂಗಾಲವನ್ನೇ ಅಳೆದು ಬರುತ್ತೀರಿ.

ಭಾರ ಧಾತುಗಳೆಂದರೆ ನಿಶ್ಚಿಂತೆ ಎಂದೂ ಮೈಮರೆಯಬೇಡಿ. ಸೀಸದ ಕೆ ಕವಚಕ್ಕೆ ಯೀಲ್ಡ್ 0.96, ನಿಜ. ಆದರೆ ಅದರ ಎಲ್ ಕವಚದ ಮೂರನೇ ಉಪಕವಚಕ್ಕೆ ಅದು 0.36ರ ಸುಮಾರಿನಲ್ಲಿದೆ. ಮಣ್ಣಿನಲ್ಲೋ ಬಣ್ಣದಲ್ಲೋ ಸೀಸ ಹುಡುಕುವ ಕೈಯಂತ್ರಗಳು ಸಾಮಾನ್ಯವಾಗಿ ನೋಡುವುದು ಎಲ್ ರೇಖೆಗಳನ್ನೇ. ಅಲ್ಲಿ ಕೆ ಕವಚದ ಅಂಕಿ ಹಾಕಿದರೆ ಲೆಕ್ಕ ಕೆಟ್ಟಿತು. ಅಷ್ಟೇ ಅಲ್ಲ, ಕೆ ಜಾಗ ಎಕ್ಸ್-ರೇ ಕೊಟ್ಟು ತುಂಬಿದರೂ ಖಾಲಿ ಜಾಗ ಮಾಯವಾಗದು, ಎಲ್ ಕವಚಕ್ಕೆ ಸರಿಯುತ್ತದೆ. ಅಲ್ಲಿ ಓಜೆ ನಡೆದರೆ ಒಂದು ಖಾಲಿ ಜಾಗ ಎರಡಾಗುತ್ತದೆ, ಎರಡು ಇನ್ನೂ ಹೊರಗಿನ ಕವಚಗಳಲ್ಲಿ ಮತ್ತಷ್ಟಾಗುತ್ತವೆ. ಅಯೋಡಿನ್-125 ಕ್ಷಯಿಸಿ ಟೆಲ್ಲೂರಿಯಂ ಆಗುತ್ತದೆ. ಅದರ ಕೆ ಯೀಲ್ಡ್ 0.87ರಷ್ಟು ದೊಡ್ಡದು. ಆದರೂ ಒಂದೊಂದು ಕ್ಷಯಕ್ಕೆ ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ಸರಾಸರಿ ಹತ್ತಕ್ಕೂ ಹೆಚ್ಚು ಹೊರಬರುತ್ತವೆ. ಆ ಅಯೋಡಿನ್ ಜೀವಕೋಶದ ಡಿಎನ್ಎಗೇ ಅಂಟಿಕೊಂಡಿದ್ದರೆ, ಅವುಗಳ ಶಕ್ತಿಯಲ್ಲಿ ಬಹುಪಾಲು ಅಲ್ಲೇ ಸುತ್ತಮುತ್ತ ಸುರಿದು ಹಾನಿ ತೀವ್ರವಾಗುತ್ತದೆ.

ಆದ್ದರಿಂದ ನಾಳೆಯಿಂದ ರೆಕಾರ್ಡ್ ಪುಸ್ತಕದಲ್ಲಿ ಎಣಿಕೆ ಬರೆಯುವ ಮುನ್ನ ಮೂರು ಸಂಗತಿ ಬರೆಯಿರಿ: ಖಾಲಿ ಜಾಗ ಯಾವ ಧಾತುವಿನಲ್ಲಿ, ಯಾವ ಕವಚದಲ್ಲಿ, ಆ ಕವಚದ ಯೀಲ್ಡ್ ಎಷ್ಟು. ಕಬ್ಬಿಣ-55ರಲ್ಲಿ ಧಾತು ಕಬ್ಬಿಣವಲ್ಲ, ಮ್ಯಾಂಗನೀಸ್ ಎಂಬುದನ್ನು ಮರೆಯಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಈ ಮೂರು ಸಾಲು ಇಲ್ಲದ ಎಣಿಕೆಯನ್ನು ನಿಮ್ಮದೇ ಪುಸ್ತಕದಲ್ಲಿ ಕಂಡರೂ ನಂಬಬೇಡಿ, ಕೂತು ಮತ್ತೆ ಲೆಕ್ಕ ಹಾಕಿ.