ಬಾಗಿಲ ಬಳಿಯ ಚಾಪೆ

ಮಗಳೇ, ನಿನ್ನ ಹುಡುಗಿ ದೊಡ್ಡವಳಾದಳೆಂದು ಶಿವಮೊಗ್ಗದಿಂದ ಫೋನ್ ಬಂತು. ಚಿಗಳಿ ಮಾಡಿ ಕೊಡು. ಆರತಿ ಬೇಕೋ ಬೇಡವೋ ಅವಳನ್ನೇ ಕೇಳು. ಮೂರು ದಿನ ಚಾಪೆ ಹಾಕಿ ಬಾಗಿಲ ಬಳಿ ಮಾತ್ರ ಕೂರಿಸಬೇಡ.

ನಮ್ಮ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಂಥ ಸಣ್ಣ ಮನೆಯಲ್ಲಿ ಹುಡುಗಿ ಬಾಗಿಲ ಬಳಿ ಕೂತರೆ ಹಾಲಿನವನಿಗೂ ಕಾರಣ ಗೊತ್ತಾಗುತ್ತದೆ. ನಮ್ಮ ನೆರೆಮನೆಯ ಹುಡುಗಿಗೆ ಹೀಗೇ ಆಯಿತು. ಲೋಟಕ್ಕೆ ಮೇಲಿಂದ ನೀರು ಹೊಯ್ಯುತ್ತಿದ್ದರು. ಪುಟ್ಟ ತಮ್ಮ "ಅಕ್ಕನ್ನ ಕಾಗೆ ಮುಟ್ಟಿದೆ" ಎಂದು ಬೀದಿಗೆಲ್ಲ ಸಾರುತ್ತಿದ್ದ. ಅಪ್ಪನ ಎದುರು ಎದ್ದು ಬಚ್ಚಲಿಗೆ ಹೋಗಲು ನಾಚಿ, ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬಟ್ಟೆಯನ್ನು ಲಂಗದಡಿ ಒಣಹಾಕಿದಳು. ಬಿಸಿಲು ತಾಗದೆ ಅದು ತೇವವಾಗಿಯೇ ಉಳಿದು ತುರಿಕೆ ಶುರುವಾಯಿತು. ಆಮೇಲೆ ಸ್ರಾವ ಹತ್ತು ದಿನವಾದರೂ ನಿಲ್ಲಲಿಲ್ಲ. ಮನೆಯವರು ಕೇಳುತ್ತಿದ್ದದ್ದು "ಮುಗೀತಾ?" ಎಂದಷ್ಟೇ, ಒಳಗೆ ಬಿಟ್ಟುಕೊಳ್ಳಲಿಕ್ಕೆ. ಶಾಲೆಯ ಮೆಟ್ಟಿಲಲ್ಲಿ ತಲೆ ಸುತ್ತಿ ಕೂತಾಗ ಡಾಕ್ಟರ ಹತ್ತಿರ ಕರೆದೊಯ್ದರು. ಮೈಯಲ್ಲಿ ರಕ್ತ ತೀರಾ ಕಡಿಮೆಯಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಹೇಳಿದ್ರೆ ಇನ್ನಷ್ಟು ದಿನ ಹೊರಗೇ ಇರಬೇಕಿತ್ತಲ್ಲ" ಅಂದಳು.

ಅದಕ್ಕೇ ಹೇಳುತ್ತೇನೆ, ಮೊದಲ ತಿಂಗಳೇ ಅವಳ ಪಕ್ಕ ಕೂತು ಮಾತಾಡು. ಗರ್ಭಕೋಶದ ಒಳಪದರ ಕಳಚಿ ಬರುವುದೇ ಇದು, ಮೈಯ ಕೊಳೆಯಲ್ಲ ಎಂದು ಹೇಳು. ಸಾಮಾನ್ಯವಾಗಿ ಒಂದು ಸಲಕ್ಕೆ ಹೋಗುವುದು 30–40 ಮಿ.ಲೀ., ಎರಡು ಮೂರು ದೊಡ್ಡ ಚಮಚದಷ್ಟು; ನೋಡುವ ಕಣ್ಣಿಗೆ ಹೆಚ್ಚೆನಿಸುತ್ತದೆ. ಮೊದಲ ಒಂದೆರಡು ವರ್ಷ ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. ಕ್ಯಾಲೆಂಡರಿನಲ್ಲಿ ಅವಳೇ ಗುರುತು ಹಾಕಲಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಲಿ. ಬಟ್ಟೆಯಾದರೆ ಸೋಪಿನಲ್ಲಿ ಒಗೆದು ಬಿಸಿಲಲ್ಲೇ ಒಣಹಾಕಲಿ, ಬೇರೆ ಬಟ್ಟೆಗಳ ಜತೆ, ಎಲ್ಲರಿಗೂ ಕಾಣುವ ತಂತಿಯ ಮೇಲೆ. ಗಂಟೆ ಎರಡು ಗಂಟೆಗೆ ಪ್ಯಾಡ್ ತೋಯ್ದರೆ, ಏಳು ದಿನ ಮೀರಿದರೆ, ನೋವಿಗೆ ಶಾಲೆ ತಪ್ಪಿದರೆ ಡಾಕ್ಟರಿಗೆ ತೋರಿಸು. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಈ ವಯಸ್ಸಿನ ಮಕ್ಕಳಿಗೆಂದೇ ಇದೆ.

ನಿನ್ನ ಅತ್ತೆ ಮೈಲಿಗೆ ಅನ್ನುತ್ತಾರೆಂದು ಬಲ್ಲೆ. ಅವರು ಲಿಂಗ ಕಟ್ಟಿದವರು. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕವನ್ನೂ ಹನ್ನೆರಡನೇ ಶತಮಾನದಲ್ಲೇ ಶರಣರು ತಳ್ಳಿಹಾಕಿದ್ದರು. ಅಕ್ಕಮಹಾದೇವಿ ನಮ್ಮದೇ ಜಿಲ್ಲೆಯ ಉಡುತಡಿಯವಳು. ಜಗಳಕ್ಕೆ ನಿಲ್ಲದೆ, ಪೂಜೆ ಮುಗಿದ ಮೇಲೆ ಸಮಾಧಾನದಿಂದ ಇದನ್ನು ನೆನಪಿಸು. ಅಷ್ಟಾದರೂ ದೇವರ ಮನೆಗೆ ಬೇಡ ಎಂದರೆ ಸದ್ಯಕ್ಕೆ ಆ ಒಂದು ಬಾಗಿಲು ಬಿಟ್ಟುಬಿಡು. ಹಾಸಿಗೆ, ತಟ್ಟೆ, ಅಡುಗೆಮನೆ ಮಾತ್ರ ಬಿಟ್ಟುಕೊಡಬೇಡ. ಮಗನಿಗೂ ಅವಳೆದುರೇ ವಿಷಯ ತಿಳಿಸು. ಅಂಗಡಿಯಿಂದ ಪ್ಯಾಡ್ ಅವನೇ ತರಲಿ.