ಡೈರೆಕ್ಟರ್ ಆಗಲು ಒಪ್ಪುವ ಕಾಗದ: ಕಂಪನಿ ಸೆಕ್ರೆಟರಿಯ ಅನುಭವ

ಹೊಸ ಡೈರೆಕ್ಟರಿಂದ ನಾನು ಮೂರು ಕಾಗದ ಕೇಳುತ್ತೇನೆ. ಒಪ್ಪಿಗೆಗೆ ಡಿಐಆರ್-2, ಅನರ್ಹನಲ್ಲ ಎಂಬ ಘೋಷಣೆಗೆ ಡಿಐಆರ್-8, ಬೇರೆಡೆ ಇರುವ ಹಿತಾಸಕ್ತಿ ತಿಳಿಸಲು ಎಂಬಿಪಿ-1. ಓದದೆ ಮೂರಕ್ಕೂ ಸಹಿ ಹಾಕುವವರೇ ಹೆಚ್ಚು.

1. ಒಪ್ಪಿಗೆಯ ತಾರೀಖು ನೇಮಕದ ನಂತರದ್ದಾಗಬಾರದು. ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಡೈರೆಕ್ಟರಾಗಿ ಕೆಲಸ ಮಾಡುವಂತಿಲ್ಲ ಎನ್ನುತ್ತದೆ 2013ರ ಕಂಪನಿ ಕಾಯ್ದೆಯ ಕಲಂ 152. ನೇಮಕವಾದ 30 ದಿನದೊಳಗೆ ಡಿಐಆರ್-12 ಸಲ್ಲಿಸಬೇಕು.

2. ಎಂಬಿಪಿ-1ರಲ್ಲಿ ಬಿಟ್ಟುಹೋಗುವುದು ಕಂಪನಿಗಳಲ್ಲ, ಪಾಲುದಾರಿಕೆ ಸಂಸ್ಥೆಗಳು. ಒಂದು ಉದಾಹರಣೆ ನೋಡೋಣ. ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಬಿಡಿಭಾಗ ತಯಾರಿಸುತ್ತದೆ. ಹೊಸದಾಗಿ ಬಂದವರು ತಾವು ಡೈರೆಕ್ಟರಾಗಿರುವ ಎರಡು ಕಂಪನಿಗಳ ಹೆಸರು ಬರೆದು ಸಹಿ ಮಾಡುತ್ತಾರೆ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಅಣ್ಣನ ಜೊತೆ ತಾವೂ ಪಾಲುದಾರರು ಎಂಬುದನ್ನು ಬರೆಯುವುದಿಲ್ಲ. "ಅದು ಮನೆ ವ್ಯವಹಾರ, ಕಂಪನಿ ಅಲ್ವಲ್ಲ ಸಾರ್" ಎಂಬುದು ಅವರ ಲೆಕ್ಕ. ಆದರೆ ಪೀಣ್ಯಕ್ಕೆ ಎರಕ ಬರುವುದು ಆ ಫೌಂಡ್ರಿಯಿಂದಲೇ!

ಕಲಂ 184ರ ಪ್ರಕಾರ ಕಂಪನಿಯ ಜೊತೆಗೆ ಫರ್ಮನ್ನೂ, ವ್ಯಕ್ತಿಗಳ ಇತರ ಸಂಘಗಳನ್ನೂ, ಇರುವ ಷೇರುಗಳನ್ನೂ ತಿಳಿಸಬೇಕು. ಪಾಲುದಾರನಾಗಿದ್ದರೆ ಪಾಲು ಎಷ್ಟು ಸಣ್ಣದೆಂಬುದು ಮುಖ್ಯವಲ್ಲ. ಎರಕದ ಒಪ್ಪಂದ ಮಂಡಳಿಯ ಮುಂದೆ ಬಂದ ದಿನ ಸಂಬಂಧವನ್ನು ಮತ್ತೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕಂಪನಿ ಬಯಸಿದಾಗ ಆ ಒಪ್ಪಂದವನ್ನು ರದ್ದು ಮಾಡಬಹುದು, ಡೈರೆಕ್ಟರ ಸ್ಥಾನವೇ ತೆರವಾಗಬಹುದು. ಹಾಗಾಗಿ ನಾನು "ಬೇರೆ ಎಲ್ಲಿ ಡೈರೆಕ್ಟರ್?" ಎಂದು ಕೇಳುವುದಿಲ್ಲ. "ಯಾವ್ಯಾವ ವ್ಯವಹಾರದಲ್ಲಿ ನಿಮ್ಮ ಹೆಸರಿದೆ?" ಎಂದು ಕೇಳಿ, ಉತ್ತರವನ್ನು ನಮ್ಮ ಸರಬರಾಜುದಾರರ ಪಟ್ಟಿಯ ಪಕ್ಕ ಇಟ್ಟು ನೋಡುತ್ತೇನೆ.

3. ಡಿಐಆರ್-8ಕ್ಕೆ ಸಹಿ ಹಾಕುವ ಮುನ್ನ ಹಳೆಯ, ಮರೆತುಹೋದ ಕಂಪನಿಗಳನ್ನು ನೆನಪಿಸಿಕೊಳ್ಳಿ. ಒಂದು ಕಂಪನಿ ಸತತ ಮೂರು ಆರ್ಥಿಕ ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದಿದ್ದರೆ ಅದರ ಡೈರೆಕ್ಟರ್‌ಗೆ ಐದು ವರ್ಷ ಅನರ್ಹತೆ. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ ಲಕ್ಷಗಟ್ಟಲೆ ಮಂದಿಯನ್ನು ಅನರ್ಹರ ಪಟ್ಟಿಗೆ ಸೇರಿಸಿದಾಗ, ಎಂದೋ ಸ್ನೇಹಿತನ ಮಾತಿಗೆ ಸಹಿ ಹಾಕಿ ಮರೆತವರೂ ಸಿಕ್ಕಿಬಿದ್ದರು. ನಿಮ್ಮ ಡಿಐಎನ್ ಹಾಕಿ ಎಂಸಿಎ ಪೋರ್ಟಲ್‌ನಲ್ಲಿ ನೋಡಿ, ನೆನಪನ್ನು ನಂಬಬೇಡಿ. ಒಟ್ಟು 20 ಕಂಪನಿ, ಅದರಲ್ಲಿ ಪಬ್ಲಿಕ್ ಕಂಪನಿ 10 ಎಂಬ ಮಿತಿಯನ್ನೂ ಅಲ್ಲೇ ಎಣಿಸಿಕೊಳ್ಳಬಹುದು.

4. ಎಂಬಿಪಿ-1 ಒಮ್ಮೆ ಕೊಟ್ಟರೆ ಮುಗಿಯಲಿಲ್ಲ. ಪ್ರತಿ ಆರ್ಥಿಕ ವರ್ಷದ ಮೊದಲ ಮಂಡಳಿ ಸಭೆಯಲ್ಲಿ ಹೊಸದು ಕೊಡಬೇಕು, ನಡುವೆ ಏನಾದರೂ ಬದಲಾದರೆ ಆಮೇಲಿನ ಮೊದಲ ಸಭೆಯಲ್ಲೇ ತಿಳಿಸಬೇಕು. ಇದನ್ನು ಕಂಪನಿಯ ನೋಂದಾಯಿತ ಕಚೇರಿಯಲ್ಲಿ ಎಂಟು ವರ್ಷ ಕಾಪಾಡಬೇಕು. ನಿಮ್ಮ ಬಳಿಯೂ ಒಂದು ಪ್ರತಿ ಇಟ್ಟುಕೊಳ್ಳಿ.